ಗವರ್ನರ್ ಅವರೇ, ಗುಳ್ಳೆ ಒಡೆಯುವವರೆಗೂ ಕಾಯಬೇಡಿ

ಕೇಂದ್ರ ಬ್ಯಾಂಕಿನ ಗವರ್ನರ್ ಅವರಿಗೆ,

ನಮಸ್ಕಾರ. ನಾನು ಅರ್ಥಶಾಸ್ತ್ರಜ್ಞ ಅಲ್ಲ. ಹನ್ನೊಂದು ವರ್ಷದಿಂದ ಒಂದು ಮನೆಗಾಗಿ ದುಡ್ಡು ಕೂಡಿಡುತ್ತಿರುವವನು. ಶುರು ಮಾಡಿದಾಗ ಮನೆ ಬೆಲೆಯ ಐದನೇ ಒಂದು ಭಾಗ ಕೈಯಲ್ಲಿತ್ತು. ಇವತ್ತು ಠೇವಣಿಯಲ್ಲಿ ಇರುವ ದುಡ್ಡು ಆಗಿನದಕ್ಕಿಂತ ಜಾಸ್ತಿ, ಆದರೆ ಅಂಥದ್ದೇ ಮನೆಯ ಬೆಲೆಗೆ ಹೋಲಿಸಿದರೆ ಅದು ಎಂಟನೇ ಒಂದು ಭಾಗವೂ ಆಗುವುದಿಲ್ಲ. ಹಣದುಬ್ಬರ ಹತೋಟಿಯಲ್ಲಿದೆ ಎಂದು ನೀವು ಪ್ರತಿ ಸಭೆಯ ನಂತರ ಹೇಳುತ್ತೀರಿ. ಯಾವ ಹತೋಟಿ? ಬಹಳಷ್ಟು ದೇಶಗಳ ಬೆಲೆ ಸೂಚ್ಯಂಕದಲ್ಲಿ ಬಾಡಿಗೆ ಇರುತ್ತದೆ, ಮನೆ ಕೊಳ್ಳುವ ಬೆಲೆ ನೇರವಾಗಿ ಇರುವುದೇ ಇಲ್ಲ. ಇದು ನಿಮಗೆ ಗೊತ್ತಿಲ್ಲದ ವಿಷಯ ಅಲ್ಲ.

ಕಳೆದ ತಿಂಗಳು ಸಾಲ ಕೇಳಲು ಒಂದು ಬ್ಯಾಂಕಿಗೆ ಹೋಗಿದ್ದೆ. ನಾನು ಕೇಳಿದ್ದಕ್ಕಿಂತ ಒಂದೂವರೆ ಪಟ್ಟು ಸಾಲ ಕೊಡುತ್ತೇವೆ ಎಂದರು. ಕಂತು ಕಟ್ಟುವುದು ಕಷ್ಟ ಆದರೆ ಏನು ಮಾಡಲಿ ಎಂದು ಕೇಳಿದೆ. "ಅಷ್ಟರಲ್ಲಿ ಮನೆ ಬೆಲೆ ಏರಿರುತ್ತೆ ಸರ್, ಮಾರಿಬಿಡಿ" ಅಂದರು ಅಲ್ಲಿದ್ದ ಹುಡುಗ. ನನ್ನ ಸಂಬಳ ಎಷ್ಟು ಎಂದು ಆಮೇಲೆ ಕೇಳಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ಸಾಲ ತೀರಿಸುವುದು ಸಂಬಳದಿಂದಲ್ಲ, ಏರುವ ಬೆಲೆಯಿಂದ ಎಂದು ಕೊಡುವವರೂ ತೆಗೆದುಕೊಳ್ಳುವವರೂ ನಂಬಿದರೆ ಅದೇ ಗುಳ್ಳೆ ಅಲ್ವಾ? ಅದಕ್ಕೇ ಈ ಪತ್ರ. ಬಡ್ಡಿ ದರ ನಿರ್ಧರಿಸುವಾಗ ಮನೆ ಸಾಲ ಎಷ್ಟು ಬೇಗ ಬೆಳೆಯುತ್ತಿದೆ ಎಂಬುದನ್ನೂ ತೂಗಿ ನೋಡಿ.

ನಿಮ್ಮ ಉತ್ತರ ನನಗೆ ಗೊತ್ತು. ಸ್ವೀಡನ್ನಿನಲ್ಲಿ ಏನಾಯಿತು ನೋಡಿ ಎನ್ನುತ್ತೀರಿ. ನೋಡಿದ್ದೇನೆ. ಅಲ್ಲಿನ ಕೇಂದ್ರ ಬ್ಯಾಂಕ್ 2010ರ ಜುಲೈನಲ್ಲಿ ಶೇ 0.25 ಇದ್ದ ರೆಪೋ ದರವನ್ನು ಏರಿಸಲು ಶುರು ಮಾಡಿ ಒಂದು ವರ್ಷದಲ್ಲಿ ಶೇ 2ಕ್ಕೆ ತಂದಿತು. ಜನರ ಮನೆ ಸಾಲ ಮಿತಿಮೀರುತ್ತಿದೆ ಎಂಬ ಭಯ ಅದಕ್ಕೆ ಒಂದು ಮುಖ್ಯ ಕಾರಣ. ಆಮೇಲೆ ಹಣದುಬ್ಬರ ಶೇ 2ರ ಗುರಿಯಿಂದ ಸೊನ್ನೆಯ ಹತ್ತಿರಕ್ಕೆ ಕುಸಿಯಿತು. ನಿರುದ್ಯೋಗ ಶೇ 8ರ ಆಸುಪಾಸಿನಲ್ಲೇ ನಿಂತಿತು. ಕೊನೆಗೆ 2015ರ ಫೆಬ್ರವರಿಯಲ್ಲಿ ದರವನ್ನು ಸೊನ್ನೆಗಿಂತ ಕೆಳಗೆ ಇಳಿಸಬೇಕಾಯಿತು.

ಅಲ್ಲಿ ಡೆಪ್ಯುಟಿ ಗವರ್ನರ್ ಆಗಿದ್ದ ಲಾರ್ಸ್ ಸ್ವೆನ್ಸನ್ ದರ ಏರಿಸುವುದನ್ನು ಮೊದಲಿನಿಂದಲೂ ವಿರೋಧಿಸುತ್ತಿದ್ದರು. ಅವರ ಒಂದು ಮಾತು ನನ್ನನ್ನು ತುಂಬಾ ಯೋಚನೆಗೆ ಹಚ್ಚಿತು. ಒಬ್ಬನ ವರ್ಷದ ಆದಾಯ 100, ಸಾಲ 300 ಎಂದುಕೊಳ್ಳಿ. ಬೆಲೆ ಮತ್ತು ಸಂಬಳ ವರ್ಷಕ್ಕೆ ಶೇ 2ರಂತೆ ಏರಿದರೆ ಮೂರು ವರ್ಷಕ್ಕೆ ಆದಾಯ 106 ಆಗುತ್ತದೆ. ಅಸಲು ಕಟ್ಟದಿದ್ದರೂ ಸಾಲ ಆದಾಯದ ಮೂರು ಪಟ್ಟಿನಿಂದ 2.83 ಪಟ್ಟಿಗೆ ಇಳಿಯುತ್ತದೆ. ಬಡ್ಡಿ ಏರಿಸಿ ಹಣದುಬ್ಬರವನ್ನು ಸೊನ್ನೆಗೆ ತಂದರೆ, ಸಂಬಳವೂ ಅಲ್ಲೇ ನಿಂತರೆ, ಮೂರು ಪಟ್ಟು ಹಾಗೇ ಉಳಿಯುತ್ತದೆ. ಅಂದರೆ ಸಾಲದ ಭಾರ ಇಳಿಸಲು ಹೋಗಿ ಅದನ್ನೇ ಹೆಚ್ಚಿಸಿದ ಹಾಗೆ. ಈ ವಾದ ಗಟ್ಟಿಯಾಗಿದೆ. ಕೆಲಸ ಕಳೆದುಕೊಳ್ಳುವವನು ಮನೆ ಕೊಳ್ಳಲು ಹೊರಟವನೇ ಆಗಿರಬೇಕಿಲ್ಲ ಎಂಬುದೂ ನನಗೆ ಅರ್ಥವಾಗುತ್ತದೆ.

ಆದರೆ ಸ್ವೀಡನ್ನಿನವರು ಬ್ರೇಕ್ ಹಾಕಿದ್ದು ಹಣದುಬ್ಬರ ತಣ್ಣಗಾಗುತ್ತಿದ್ದಾಗ, ನಿರುದ್ಯೋಗ ಹೆಚ್ಚಿದ್ದಾಗ. ಹಾಗೆ ಮಾಡಿ ಎಂದು ನಾನು ಕೇಳುತ್ತಿಲ್ಲ. ಅಮೆರಿಕ ನೋಡಿ. ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2003ರ ಜೂನ್‌ನಲ್ಲಿ ದರವನ್ನು ಶೇ 1ಕ್ಕೆ ಇಳಿಸಿ ಒಂದು ವರ್ಷ ಅಲ್ಲೇ ಇಟ್ಟಿತು. ಅಷ್ಟು ಹೊತ್ತಿಗೆ ಮನೆ ಸಾಲ ಉಕ್ಕುತ್ತಿತ್ತು. ಆಮೇಲೆ ಸತತ 17 ಸಲ ಏರಿಸಿ 2006ರಲ್ಲಿ ಶೇ 5.25ಕ್ಕೆ ತಂದರು. ಗುಳ್ಳೆ ಮೊದಲೇ ಗುರುತಿಸಲು ಆಗುವುದಿಲ್ಲ, ಒಡೆದ ಮೇಲೆ ದರ ಇಳಿಸಿ ಸರಿಮಾಡೋಣ ಎಂಬುದು ಆಗಿನ ನಂಬಿಕೆ. 2008ರಲ್ಲಿ ದರವನ್ನು ಸೊನ್ನೆಯ ಹತ್ತಿರಕ್ಕೆ ತಂದರೂ ಸರಿಮಾಡಲು ವರ್ಷಗಳೇ ಬೇಕಾದವು. ಗುಳ್ಳೆಗೆ ಅದೊಂದೇ ಕಾರಣ ಅಲ್ಲ, ಕೆಟ್ಟ ಸಾಲ ಕೊಟ್ಟವರ ಪಾಲು ದೊಡ್ಡದು. ಆದರೂ ಅಷ್ಟು ಅಗ್ಗದ ದುಡ್ಡು ಇಲ್ಲದಿದ್ದರೆ ಅಷ್ಟು ಸಾಲ ಹುಟ್ಟುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ.

ಮನೆ ಸಾಲ ತಡೆಯಲು ಬೇರೆ ಕಾನೂನು ಇದೆ, ಮನೆ ಬೆಲೆಯ ಇಷ್ಟು ಭಾಗಕ್ಕಿಂತ ಜಾಸ್ತಿ ಸಾಲ ಕೊಡುವ ಹಾಗಿಲ್ಲ ಎನ್ನುವಿರಿ. ಸರಿ, ಮೊದಲು ಅದನ್ನೇ ಬಿಗಿ ಮಾಡಿ. ಆದರೆ ಬೆಲೆ ಏರಿದ ಹಾಗೆ ಆ "ಇಷ್ಟು ಭಾಗ" ತಾನೇ ದೊಡ್ಡದಾಗುತ್ತದೆ. ಬ್ಯಾಂಕ್ ಕೊಡದಿದ್ದರೆ ಬ್ಯಾಂಕ್ ಅಲ್ಲದ ಕಂಪನಿ ಕೊಡುತ್ತದೆ. ಬಡ್ಡಿ ದರ ಮಾತ್ರ ಎಲ್ಲರಿಗೂ ತಟ್ಟುತ್ತದೆ.

ನಾನು ಕೇಳುವುದು ಇಷ್ಟೇ. ಕೆಲಸ ಸಿಗುತ್ತಿರುವಾಗ, ಹಣದುಬ್ಬರ ಗುರಿಯ ಹತ್ತಿರ ಇರುವಾಗ, ಮನೆ ಸಾಲ ಆದಾಯಕ್ಕಿಂತ ವೇಗವಾಗಿ ಓಡುತ್ತಿದ್ದರೆ ದರವನ್ನು ಸುಮ್ನೆ ಕೆಳಗೆ ಹಿಡಿದಿಡಬೇಡಿ. ಮನೆ ಸಾಲವನ್ನು ತೂಗಿ ನೋಡಿ. ತೂಗಿ ಬೇಡವೆಂದರೆ ಯಾಕೆ ಬೇಡ ಎಂದು ಮುಂದಿನ ಸಭೆಯ ಹೇಳಿಕೆಯಲ್ಲಿ ಬರೆಯಿರಿ. ಹೋದ ಸಲದ್ದನ್ನು ಎರಡು ಸಲ ಓದಿದೆ, ಮನೆ ಎಂಬ ಪದವೇ ಇರಲಿಲ್ಲ.

ಇಂತಿ,
ಬಾಡಿಗೆ ಮನೆಯಲ್ಲಿರುವ ಒಬ್ಬ ಠೇವಣಿದಾರ