ವಸ್ತುಪ್ರದರ್ಶನದ ನೀರಿನ ಫಿಲ್ಟರ್: ಮಕ್ಕಳಿಗೂ ಪೋಷಕರಿಗೂ ಸೂಚನೆ

2 ಲೀಟರ್ ಬಾಟಲಿಯ ತಳ ಕತ್ತರಿಸಿ (ಇದು ದೊಡ್ಡವರ ಕೆಲಸ), ಬಾಯಿಗೆ ಎರಡು ಪದರ ಹತ್ತಿಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿ. ಕೆಳಗಿನಿಂದ ಸಣ್ಣ ಜಲ್ಲಿ 4 ಸೆಂ.ಮೀ., ದಪ್ಪ ಮರಳು 2, ಪುಡಿ ಮಾಡಿದ ಕಟ್ಟಿಗೆ ಇದ್ದಿಲು 3, ಸಣ್ಣ ಮರಳು 7 ತುಂಬಿ. ಇದ್ದಿಲು ತೇಲದಂತೆ ಅದರ ಮೇಲೊಂದು ಬಟ್ಟೆ ಹಾಸಿ. ನೀರು ಸುರಿದಾಗ ಮರಳು ಗುಂಡಿ ಬೀಳದಿರಲು ಮೇಲೆ ತೆಳ್ಳಗೆ ಜಲ್ಲಿ ಹರಡಿ.

ಹೆಚ್ಚಿನ ಮಾದರಿಗಳು ಸೋಲುವುದು ತೊಳೆಯದ ಮರಳಿನಿಂದ. ತೊಳೆದ ನೀರು ತಿಳಿಯಾಗುವವರೆಗೆ ಮರಳನ್ನೂ ಇದ್ದಿಲನ್ನೂ ಬೇರೆಬೇರೆ ತೊಳೆಯಿರಿ. ಇಲ್ಲದಿದ್ದರೆ ಹಾಕಿದ್ದಕ್ಕಿಂತ ಕೊಳಕು ನೀರೇ ಹೊರಬರುತ್ತದೆ. ನೀರು ಸರ್ರನೆ ಇಳಿದರೆ ಅದು ಬಾಟಲಿಯ ಅಂಚಿನಲ್ಲಿ ದಾರಿ ಮಾಡಿಕೊಂಡಿದೆ ಎಂದರ್ಥ. ಮರಳನ್ನು ಒದ್ದೆಯಾಗಿಯೇ ತುಂಬಿ, ಬಾಟಲಿಯನ್ನು ಮೆಲ್ಲಗೆ ತಟ್ಟಿ.

ಕೆಮ್ಮಣ್ಣು ಕದಡಿದ ನೀರಿನ ಅತಿಸಣ್ಣ ಕಣಗಳು ಮರಳಿನ ಸಂದಿಯಲ್ಲೂ ನುಸುಳುತ್ತವೆ. 1 ಲೀಟರಿಗೆ ಚಿಟಿಕೆ ಪಟಿಕದ ಪುಡಿ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಮೇಲಿನ ನೀರನ್ನು ಮಾತ್ರ ಸೋಸಿ.

ವಿವರಣೆಯ ಹಾಳೆಯಲ್ಲಿ ಹೀಗೆ ಬರೆಯಿರಿ: ಮರಳು ಕಣಗಳನ್ನು ಹಿಡಿಯುತ್ತದೆ, ಇದ್ದಿಲು ಬಣ್ಣ ಮತ್ತು ವಾಸನೆಯನ್ನು ಸ್ವಲ್ಪಮಟ್ಟಿಗೆ ಹೀರುತ್ತದೆ. ಕರಗಿದ ಉಪ್ಪು, ಫ್ಲೋರೈಡ್ ಹಾಗೇ ಉಳಿಯುತ್ತವೆ. ರೋಗಾಣುಗಳೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ‘ಈ ನೀರು ಕುಡಿಯಲು ಅಲ್ಲ’ ಎಂಬ ಚೀಟಿಯನ್ನು ಲೋಟದ ಮೇಲೇ ಅಂಟಿಸಿ.