ಕೆಲಸದ ಅರ್ಜಿ ಪತ್ರದ ಕರಡು: ಭಾನುವಾರದೊಳಗೆ ಓದಿ ತಿಳಿಸಿ

ಎಲ್ಲರಿಗೂ ನಮಸ್ಕಾರ. ಕರಡು ಹಾಕಿದವರು, ಓದಲು ಒಪ್ಪಿದವರು ಇಬ್ಬರೂ ಗಮನಿಸಿ. ಅಭಿಪ್ರಾಯ ಭಾನುವಾರ ಸಂಜೆಯೊಳಗೆ ಬರಬೇಕು.

ಮೊದಲು ಕಂಪನಿಯ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. ಪತ್ರ ಯಾವ ಕಂಪನಿಗಾದರೂ ಹೊಂದುತ್ತದೆ ಅನ್ನಿಸಿದರೆ ಅದು ನಿರ್ದಿಷ್ಟವಾಗಿಲ್ಲ. ಆಮೇಲೆ ಕೆಲಸದ ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಂಡು, ಅದಕ್ಕೆ ಸಂಬಂಧವಿಲ್ಲದ ಸಾಲುಗಳನ್ನು ಗುರುತು ಮಾಡಿ.

ಜಾಸ್ತಿ ಹೊತ್ತು ಕೊಡಬೇಕಾದ್ದು ಪುರಾವೆಗೆ. ಪ್ರತಿ ಹೊಗಳಿಕೆಯ ಪಕ್ಕ "ಹೇಗೆ ಗೊತ್ತು?" ಎಂದು ಬರೆಯಿರಿ. ಒಂದು ಕರಡಿನಲ್ಲಿ "ಗ್ರಾಹಕರನ್ನು ಚೆನ್ನಾಗಿ ನಿಭಾಯಿಸುತ್ತೇನೆ" ಎಂದಿದೆ. ಇದನ್ನು ಯಾರು ಬೇಕಾದರೂ ಬರೆಯಬಹುದು, ಅಲ್ವಾ? ವಿವರ ಕೇಳಿದಾಗ ಅವರೇ ಹೇಳಿದರು: "ದಿನಕ್ಕೆ ಸುಮಾರು 40 ದೂರಿನ ಕರೆ ತೆಗೆದುಕೊಳ್ಳುತ್ತಿದ್ದೆ. ಪದೇ ಪದೇ ಬರುವ ಪ್ರಶ್ನೆಗಳಿಗೆ ಉತ್ತರದ ಪಟ್ಟಿ ಮಾಡಿದೆ. ಹೊಸಬರು ಈಗ ಅದನ್ನೇ ಬಳಸುತ್ತಾರೆ." ಪತ್ರದಲ್ಲಿ ಇರಬೇಕಾದ್ದು ಈ ಮಾತು. ಅಂಕಿ ಗೊತ್ತಿಲ್ಲದಿದ್ದರೆ ಸುಮ್ನೆ ಸೇರಿಸುವುದು ಬೇಡ, ಸಂದರ್ಶನದಲ್ಲಿ ಅದನ್ನೇ ಕೇಳಬಹುದು.

ಧಾಟಿ ಗೊತ್ತಾಗಲು ಗಟ್ಟಿಯಾಗಿ ಓದಿ. ಬರೆದವರು ಎಂದೂ ಆಡದ ಮಾತು ಕಿವಿಗೆ ತಟ್ಟುತ್ತದೆ. ಕಾಗುಣಿತ ಕೊನೆಗೆ ನೋಡಿ, ತೆಗೆದುಹಾಕುವ ಸಾಲನ್ನು ತಿದ್ದಿ ಪ್ರಯೋಜನವಿಲ್ಲ. ಕಂಪನಿ, ಹುದ್ದೆಯ ಹೆಸರು ಮಾತ್ರ ಎರಡು ಸಲ ನೋಡಿ. ಹಳೆ ಪತ್ರದಿಂದ ನಕಲು ಮಾಡಿದಾಗ ತಪ್ಪಾಗುವುದು ಅಲ್ಲೇ.

ಯಾರ ಕರಡು ಓದುತ್ತೀರಿ ಎಂದು ಇವತ್ತೇ ಇಲ್ಲಿ ಬರೆಯಿರಿ.