ಮೂಳೆ ಮುರಿದ ಅಭ್ಯರ್ಥಿ ಅರ್ಜಿಯಲ್ಲಿ ಏನೆಂದು ಬರೆಯಬೇಕು?

ಮಾನ್ಯ ಸಂಪಾದಕರೇ,

ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ ನನ್ನ ತಮ್ಮನ ಬೈಕಿಗೆ ಲಾರಿ ತಾಗಿದಾಗ ಅವನ ನೇಮಕಾತಿ ಪರೀಕ್ಷೆಗೆ 31 ದಿನ ಉಳಿದಿತ್ತು. ಎಡಗಾಲಿನ ಮೊಣಕಾಲ ಕೆಳಗಿನ ಮೂಳೆ ತುಂಡಾಗಿ ಒಳಗೆ ರಾಡ್ ಹಾಕಿದರು. ಬಲ ಮಣಿಕಟ್ಟಿಗೆ ಪ್ಲಾಸ್ಟರ್. ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆ, ಮತ್ತೆ ಯಾವಾಗ ಕರೆಯುತ್ತಾರೋ ದೇವರಿಗೇ ಗೊತ್ತು. ಪರೀಕ್ಷಾ ಕೇಂದ್ರ ಸಿಕ್ಕಿದ್ದು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ನಮ್ಮ ಮನೆಯಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಅದೂ ಎರಡನೇ ಮಾಳಿಗೆಯಲ್ಲಿ. ಪರೀಕ್ಷಾ ಸಂಸ್ಥೆಗೆ ಬರೆದ ಎರಡು ಪತ್ರಗಳಲ್ಲಿ ಮೊದಲನೆಯದು ಏಕೆ ದಂಡವಾಯಿತು ಎಂಬುದು ಬೇರೆಯವರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಬೇಡ. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ.

ಮೊದಲ ಪತ್ರವನ್ನು ಎಂಟನೇ ದಿನ ಬರೆದೆ. ನನ್ನದು ಮೇಷ್ಟ್ರ ಕೈಬರಹ, ಒಂದೂವರೆ ಪುಟ. ಅಪಘಾತ ಹೇಗಾಯಿತು, ಮನೆಯ ಪರಿಸ್ಥಿತಿ ಏನು ಎಂಬುದೆಲ್ಲ ಅದರಲ್ಲಿತ್ತು. ಕೊನೆಗೆ ‘ದಯವಿಟ್ಟು ದಿನಾಂಕ ಬದಲಿಸಿಕೊಡಿ’ ಎಂದು ಒಂದು ಸಾಲು. ಜೊತೆಗೆ ಡಿಸ್ಚಾರ್ಜ್ ಸಮರಿ ಮತ್ತು ಎಕ್ಸ್‌ರೇ ಪ್ರತಿ. ಒಂಬತ್ತು ದಿನ ಕಳೆದು ಉತ್ತರ ಬಂತು: ಪರೀಕ್ಷೆ ಒಂದೇ ದಿನ ನಡೆಯುವುದರಿಂದ ದಿನಾಂಕ ಬದಲಾವಣೆ ಸಾಧ್ಯವಿಲ್ಲ.

ಸಿಟ್ಟು ಬಂತು, ಆದರೆ ಮಾತು ಸರಿಯೇ. ಲಕ್ಷಗಟ್ಟಲೆ ಜನ ಬರೆಯುವ ಪರೀಕ್ಷೆಯನ್ನು ನಾಲ್ಕೈದು ಹಂತಗಳಲ್ಲಿ ನಡೆಸುವಾಗ ಎರಡನೇ ಹಂತದವನನ್ನು ನಾಲ್ಕನೆಯದಕ್ಕೆ ಸೇರಿಸಬಹುದು. ನಮ್ಮ ಗಡಿನಾಡಿನ ಕನ್ನಡ ಹುದ್ದೆಗಳಿಗೆ ಅರ್ಜಿ ಹಾಕುವವರು ಕೆಲವೇ ಮಂದಿ, ಪರೀಕ್ಷೆ ಒಂದೇ ಬೆಳಿಗ್ಗೆ ಮುಗಿಯುತ್ತದೆ. ಒಬ್ಬನಿಗಾಗಿ ಇನ್ನೊಂದು ಪ್ರಶ್ನೆಪತ್ರಿಕೆ ತಯಾರಿಸಿದರೆ ಎರಡರ ಕಷ್ಟ ಒಂದೇ ಮಟ್ಟದ್ದೇ ಎಂಬ ತಕರಾರು ಏಳುತ್ತದೆ. ಹಾಗಾಗಿ ಅರ್ಜಿ ಬರೆಯುವ ಮೊದಲು ನೋಡಬೇಕಾದದ್ದು ಅಧಿಸೂಚನೆಯಲ್ಲಿ ಹಂತಗಳಿವೆಯೇ ಎಂಬುದನ್ನು. ಇಲ್ಲದಿದ್ದರೆ ದಿನಾಂಕ ಕೇಳಿ ಸಮಯ ಕಳೆಯುವುದಕ್ಕಿಂತ, ಅದೇ ದಿನ ಅವನು ಕುಳಿತು ಬರೆಯಲು ಏನು ಬೇಕೋ ಅದನ್ನು ಕೇಳುವುದು ಒಳ್ಳೆಯದು.

ಎರಡನೇ ಪತ್ರಕ್ಕೆ ಹೊರಟಾಗ ತೊಡಕು ಇದ್ದದ್ದು ವೈದ್ಯಕೀಯ ಪ್ರಮಾಣಪತ್ರದಲ್ಲಿ. ಗಡಿಯಾಚೆ ಮಂಗಳೂರಿನಲ್ಲಿ ಚಿಕಿತ್ಸೆ ಮಾಡಿದ ಡಾಕ್ಟರು ‘ಆರು ವಾರ ಪೂರ್ಣ ವಿಶ್ರಾಂತಿ’ ಎಂದು ಬರೆದುಕೊಟ್ಟಿದ್ದರು. ದಿನಾಂಕ ಬದಲಿಸಿ ಎನ್ನುವವನಿಗೆ ಅದು ಬಲ. ಆದರೆ ಹತ್ತಿರದ ಕೇಂದ್ರ ಕೊಡಿ, ಬರೆಯಲು ಸಹಾಯಕನನ್ನು ಕೊಡಿ ಎನ್ನುವವನ ಕಾಲಿಗೆ ಅದೇ ತೊಡರುತ್ತದೆ. ಪೂರ್ಣ ವಿಶ್ರಾಂತಿಯಲ್ಲಿರುವವನು ಪರೀಕ್ಷೆಗೆ ಬರುವುದು ಹೇಗೆ ಎಂದು ಯಾವ ಗುಮಾಸ್ತನೂ ಕೇಳಿಯಾನು. ಡಿಸ್ಚಾರ್ಜ್ ಸಮರಿಯಿಂದಲೂ ಪ್ರಯೋಜನವಿಲ್ಲ. ಯಾವ ಮೂಳೆಗೆ ಏನು ಮಾಡಿದರು ಎಂದು ಅದರಲ್ಲಿ ಇರುತ್ತದೆಯೇ ಹೊರತು, ಪರೀಕ್ಷೆಯ ಹಾಲಿನಲ್ಲಿ ಈತನಿಗೆ ಏನು ಆಗುವುದಿಲ್ಲ ಎಂಬುದು ಇರುವುದಿಲ್ಲ. ಫೈಲು ನೋಡುವವನಿಗೆ ಬೇಕಾದದ್ದು ಆ ಒಂದು ಸಾಲು.

ಮತ್ತೆ ಮಂಗಳೂರಿಗೆ ಹೋದೆ. ಡಾಕ್ಟರು ಬೇಜಾರು ಮಾಡಿಕೊಳ್ಳದೆ, “ನಿಮಗೆ ಏನು ಬೇಕೆಂದು ಮೊದಲೇ ಹೇಳಿದ್ದರೆ ಹಾಗೆಯೇ ಬರೆಯುತ್ತಿದ್ದೆ ಮಾಷ್ಟ್ರೇ” ಎಂದರು. ಹೊಸ ಪ್ರಮಾಣಪತ್ರದಲ್ಲಿ ಹೀಗಿತ್ತು: ಇಂತಹ ದಿನದವರೆಗೆ ಎಡಗಾಲಿನ ಮೇಲೆ ಭಾರ ಹಾಕಬಾರದು, ಮೆಟ್ಟಿಲು ಹತ್ತಬಾರದು, ಕಾಲನ್ನು ನೀಡಿ ಇಡಬೇಕು, ಬಲಗೈಯಲ್ಲಿ ಪೆನ್ನು ಹಿಡಿಯಲಾಗದು, ಗಾಲಿಕುರ್ಚಿಯಲ್ಲಿ ಪ್ರಯಾಣಿಸಿ ಎರಡು ಗಂಟೆ ಕುಳಿತು ಪರೀಕ್ಷೆ ಎದುರಿಸಲು ಅಡ್ಡಿಯಿಲ್ಲ. ಜೊತೆಗೆ ತಮ್ಮನ ಫೋಟೋ, ಅದರ ಮೇಲೆ ಅರ್ಧ ಬೀಳುವಂತೆ ಸೀಲು, ಡಾಕ್ಟರ ನೋಂದಣಿ ಸಂಖ್ಯೆ. ಮೊದಲ ಸಲ ಆ ಸಂಖ್ಯೆಯೇ ಇರಲಿಲ್ಲ. ಆಸ್ಪತ್ರೆ ಬೇರೆ ರಾಜ್ಯದ್ದಾದಾಗ ಕಚೇರಿಯವರು ಮೊದಲು ಹುಡುಕುವುದು ಅದನ್ನು.

ಅರ್ಜಿಯನ್ನು ಈ ಸಲ ಮುಕ್ಕಾಲು ಪುಟಕ್ಕೆ ಇಳಿಸಿದೆ. ಮೊದಲ ಸಾಲಿನಲ್ಲೇ ರಿಜಿಸ್ಟರ್ ನಂಬರ್, ಪರೀಕ್ಷೆಯ ಹೆಸರು, ದಿನಾಂಕ, ಕೇಂದ್ರ. ಅಪಘಾತಕ್ಕೆ ಎರಡೇ ವಾಕ್ಯ, ಪೊಲೀಸ್ ಠಾಣೆಯ ಜಿ.ಡಿ. ಎಂಟ್ರಿಯ ಪ್ರತಿ ಲಗತ್ತು. ಬೇಡಿಕೆಗಳನ್ನು ಒಂದರ ಕೆಳಗೊಂದು ಇಳಿಸುತ್ತ ಬಂದೆ: ಮಂಜೇಶ್ವರ ಕಡೆಯ ಕೇಂದ್ರ ಕೊಡಿ, ಅದಾಗದಿದ್ದರೆ ಈಗಿನ ಕೇಂದ್ರದಲ್ಲೇ ನೆಲಮಹಡಿಯ ಕೋಣೆ ಕೊಡಿ, ಎರಡರಲ್ಲಿ ಯಾವುದಾದರೂ ಸರಿ, ಓಎಂಆರ್ ಹಾಳೆಯ ವೃತ್ತ ತುಂಬಲು ಒಬ್ಬ ಸಹಾಯಕ ಬೇಕು. ಒಂದನ್ನು ನಿರಾಕರಿಸಿದರೂ ಪತ್ರ ಅಲ್ಲಿಗೇ ಮುಚ್ಚಿಹೋಗಬಾರದು ಎಂಬುದಷ್ಟೇ ಲೆಕ್ಕ. ಇ-ಮೇಲ್ ಕಳಿಸಿ, ಒಂದು ಪ್ರತಿಯನ್ನು ಜಿಲ್ಲಾ ಕಚೇರಿಗೆ ಕೈಯಾರೆ ಕೊಟ್ಟು, ನನ್ನ ಪ್ರತಿಯ ಮೇಲೆ ದಿನಾಂಕದ ಮುದ್ರೆ ಹಾಕಿಸಿಕೊಂಡೆ.

ಕೇಂದ್ರ ಬದಲಾಗಲಿಲ್ಲ. ಹಾಲ್ ಟಿಕೆಟ್ ಬಂದ ಮೇಲೆ ಅದು ಕಷ್ಟ ಎಂದು ಅಲ್ಲಿನ ಅಧಿಕಾರಿ ಬಿಡಿಸಿ ಹೇಳಿದರು: ಫೋಟೋ ಸಮೇತದ ಹಾಜರಿ ಪಟ್ಟಿ ಕೇಂದ್ರವಾರು ಅಚ್ಚಾಗಿರುತ್ತದೆ, ಪ್ರಶ್ನೆಪತ್ರಿಕೆಯ ಕಟ್ಟುಗಳೂ ತಲೆ ಎಣಿಸಿ ಸೀಲಾಗಿರುತ್ತವೆ. ಅದೇ ಶಾಲೆಯೊಳಗೆ ಕೋಣೆ ಬದಲಿಸುವುದು ಮಾತ್ರ ಕೇಂದ್ರದ ಮುಖ್ಯಸ್ಥರ ಕೈಯಲ್ಲೇ ಇದೆ. ನೆಲಮಹಡಿಯ ಕೋಣೆಗೆ, ಸಹಾಯಕನಿಗೆ ಒಪ್ಪಿಗೆ ಬಂದದ್ದು ಪರೀಕ್ಷೆಯ ಹಿಂದಿನ ಸಂಜೆ, ಫೋನಿನಲ್ಲಿ. ಬೆಳಿಗ್ಗೆ ಓಮ್ನಿಯ ಹಿಂದಿನ ಸೀಟಿನಲ್ಲಿ ಕಾಲು ನೀಡಿ ಮಲಗಿಸಿಕೊಂಡು ಹೋದೆವು. ಅವನು ‘ಬಿ’ ಎಂದರೆ ಸಹಾಯಕ ಹುಡುಗ ಬಿ ವೃತ್ತ ತುಂಬಬೇಕು. ಅಕ್ಕಪಕ್ಕದವರಿಗೆ ಕೇಳಿಸುತ್ತದೆಂದು ಇಬ್ಬರನ್ನೂ ಶಾಲೆಯ ಲ್ಯಾಬಿನಲ್ಲಿ ಪ್ರತ್ಯೇಕ ಕೂರಿಸಿದರು. ಹೆಚ್ಚುವರಿ ಸಮಯ ಕೊಡಲಿಲ್ಲ.

ಹೆಚ್ಚುವರಿ ಸಮಯವನ್ನು ಹಕ್ಕಾಗಿ ಕೇಳಲು ದಾರಿ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ‘ದೀರ್ಘಕಾಲದ’ ನ್ಯೂನತೆ ಎಂಬ ಮಾತಿದೆ. ಬರೆಯಲು ತೊಂದರೆಯಿರುವ, ಅಂಗವೈಕಲ್ಯ ಶೇ 40ಕ್ಕಿಂತ ಕಡಿಮೆ ಇರುವವರಿಗೆ ಕೇಂದ್ರ ಸರಕಾರ 2022ರ ಆಗಸ್ಟ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯವಿತ್ತು. ಆರು ವಾರದಲ್ಲಿ ಬಿಚ್ಚುವ ಪ್ಲಾಸ್ಟರ್ ಇವೆರಡರಲ್ಲಿ ಎಲ್ಲಿಗೂ ನೇರವಾಗಿ ಸೇರುವುದಿಲ್ಲ, ಅಧಿಕಾರಿಯ ಮನಸ್ಸಿಗೆ ಬಿಟ್ಟದ್ದಾಗುತ್ತದೆ. ಸಿಬಿಎಸ್‌ಇ ನಿಯಮದಲ್ಲಾದರೆ ಹಠಾತ್ತನೆ ಅಸ್ವಸ್ಥನಾಗಿ ಬರೆಯಲಾಗದ ವಿದ್ಯಾರ್ಥಿಗೂ ಅಸಿಸ್ಟೆಂಟ್ ಸರ್ಜನ್ ದರ್ಜೆಯ ವೈದ್ಯರ ಪ್ರಮಾಣಪತ್ರದ ಮೇಲೆ ಸಹಾಯಕನನ್ನು ಕೊಡಲು ಅವಕಾಶವಿದೆ. ಹತ್ತನೆಯ ತರಗತಿಯ ಹುಡುಗನಿಗೆ ಇರುವುದು ನೌಕರಿಗೆ ಕುಳಿತವನಿಗೆ ಏಕಿಲ್ಲ?

ನೇಮಕಾತಿ ಸಂಸ್ಥೆಗಳು ತಾತ್ಕಾಲಿಕ ಗಾಯಕ್ಕೆಂದೇ ಒಂದು ನಮೂನೆ ಮಾಡಲಿ, ಡಾಕ್ಟರು ಏನನ್ನು ಬರೆಯಬೇಕು ಎಂಬುದು ಅದರಲ್ಲೇ ಅಚ್ಚಾಗಿರಲಿ. ಉತ್ತರ ಪರೀಕ್ಷೆಗೆ ಒಂದು ವಾರ ಮುಂಚೆ, ಬರಹದಲ್ಲಿ ಬರಲಿ. ಇನ್ನೊಂದು ಮಾತು. ನಮಗೆ ಬಂದ ಉತ್ತರ ಮಲಯಾಳದಲ್ಲಿತ್ತು, ಅಕ್ಷಯ ಕೇಂದ್ರದ ಹುಡುಗಿ ಓದಿ ಹೇಳಿದಳು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಪ್ರದೇಶದ ಸರಕಾರಿ ಕಚೇರಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕನ್ನಡ ಕಲಿಸುವ ಹುದ್ದೆಗೆ ನಡೆಸುವ ಪರೀಕ್ಷೆಯಲ್ಲಾದರೂ ಆ ನಮೂನೆ ಕನ್ನಡದಲ್ಲಿ ಸಿಗಲಿ.

– ಓದುಗ, ಉಪ್ಪಳ, ಕಾಸರಗೋಡು ಜಿಲ್ಲೆ